ರಾತ್ರಿಯ ಕಾಲುನೋವು ಮತ್ತು ಚಪ್ಪಟೆ ಪಾದದ ಮೇಲಿನ ಆರೋಪ

ಮಕ್ಕಳ ರಾತ್ರಿ ಕಾಲುನೋವಿಗೆ ಕಾರಣ ಹುಡುಕುವಾಗ ಮನೆಯವರ ಕಣ್ಣು ಮೊದಲು ಬೀಳುವುದು ಪಾದದ ಮೇಲೆ. ಒದ್ದೆ ಕಾಲಲ್ಲಿ ಸಿಮೆಂಟು ನೆಲದ ಮೇಲೆ ನಡೆದ ಮಗುವಿನ ಅಂಗಾಲು ಪೂರ್ತಿ ಮೂಡಿದರೆ, ನಡುವಿನ ಕಮಾನು ಕಾಣದಿದ್ದರೆ, ಕಾರಣ ಸಿಕ್ಕಿತು ಎನಿಸುತ್ತದೆ. ಅಂಗಡಿಯ ಇನ್‌ಸೋಲು, ಗಟ್ಟಿ ಹಿಮ್ಮಡಿಯ ಬೂಟು, ಕೆಲವೊಮ್ಮೆ ವರ್ಷಗಟ್ಟಲೆ ಚಿಕಿತ್ಸೆ ಇದರ ಬೆನ್ನಿಗೇ ಬರುತ್ತವೆ. ಈ ರೂಢಿಯ ಹಿಂದಿರುವ ಪುರಾವೆ ದುರ್ಬಲ. ಕಣ್ಣಿಗೆ ಕಾಣುವ ಪಾದದ ಮೇಲೆ ಗಮನ ನಿಂತುಬಿಟ್ಟರೆ ಕಾಣದ ಸೊಂಟದ ಕೀಲು ತಪಾಸಣೆಯಿಂದ ತಪ್ಪಿಹೋಗುತ್ತದೆ. ದೊಡ್ಡ ಅಪಾಯ ಇರುವುದು ಅಲ್ಲಿ.

ಚಪ್ಪಟೆ ಪಾದದ ಬಗ್ಗೆ ಕರ್ನಾಟಕದಿಂದಲೇ ಬಂದ ಒಂದು ಅಧ್ಯಯನ ಲೋಕಪ್ರಸಿದ್ಧವಾಗಿದೆ. ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಯು. ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆ ಗುರುತುಗಳನ್ನು ಅಳೆದು 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇ. 8.6ರಷ್ಟು, ಬರಿಗಾಲ ಮಕ್ಕಳಲ್ಲಿ ಶೇ. 2.8ರಷ್ಟು ಕಂಡಿತು. ಬೆರಳು ಮುಚ್ಚುವ ಬೂಟು ಹಾಕುವವರಲ್ಲಿ ಅದು ಎಲ್ಲರಿಗಿಂತ ಹೆಚ್ಚು. ಚಪ್ಪಲಿ, ಸ್ಯಾಂಡಲ್ ಹಾಕುವವರಲ್ಲಿ ಅದಕ್ಕಿಂತ ಕಡಿಮೆ. ಶೇಕಡಾವಾರು ವ್ಯತ್ಯಾಸ ಸ್ಪಷ್ಟವಾಗಿದೆ, ಮಕ್ಕಳ ಸಂಖ್ಯೆಯೂ ದೊಡ್ಡದು. ಆದರೆ ಈ ಅಧ್ಯಯನ ಅಳೆದದ್ದು ಗುರುತಿನ ಆಕಾರವನ್ನು ಮಾತ್ರ. ಆ ಮಕ್ಕಳಲ್ಲಿ ಯಾರಿಗೆ ಕಾಲು ನೋಯುತ್ತಿತ್ತು ಎಂಬುದು ಅದರ ಪ್ರಶ್ನೆಯೇ ಆಗಿರಲಿಲ್ಲ. ಹಾಗಾಗಿ ಇದನ್ನು ಹಿಡಿದು ಚಪ್ಪಟೆ ಪಾದ ನೋವು ತರುತ್ತದೆ ಎಂದು ವಾದಿಸಲು ಬರುವುದಿಲ್ಲ. ಬೂಟು ಬಿಡಿಸಿ ಎಂಬ ತೀರ್ಮಾನವೂ ಅವಸರದ್ದು. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಸುತ್ತಲಿನ ಗದ್ದೆ, ತೋಟ, ಕಾಡಂಚಿನಲ್ಲಿ ಬರಿಗಾಲ ನಡಿಗೆ ಎಂದರೆ ಮುಳ್ಳು, ಹಾವು, ಕೊಕ್ಕೆಹುಳು. ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಸಿಗುವ ಶೂಗಳಿಗೆ ಅವುಗಳದೇ ಉಪಯೋಗವಿದೆ. ಅಧ್ಯಯನದಿಂದ ನ್ಯಾಯವಾಗಿ ತೆಗೆದುಕೊಳ್ಳಬಹುದಾದ್ದು ಇಷ್ಟು: ಎಳೆಯ ವಯಸ್ಸಿನಲ್ಲಿ ಬಿಗಿ ಬೂಟು ಬೇಡ, ಅಂಗಳದಲ್ಲಿ ಬರಿಗಾಲಲ್ಲಿ ಓಡಿದರೆ ತಡೆಯುವುದು ಬೇಡ.

ಬೂಟಿನಿಂದ ಕಮಾನು ಬರಿಸಬಹುದೇ ಎಂಬುದನ್ನೂ ಪರೀಕ್ಷಿಸಲಾಗಿದೆ. ಅಮೆರಿಕದ ಡಲ್ಲಾಸ್‌ನಲ್ಲಿ ವೆಂಗರ್ ಮತ್ತು ಸಂಗಡಿಗರು ಚಿಕ್ಕ ಮಕ್ಕಳನ್ನು ಗುಂಪು ಮಾಡಿ ಮೂರು ವರ್ಷ ಗಮನಿಸಿ 1989ರಲ್ಲಿ ಬರೆದರು. ತಿದ್ದುವ ಬೂಟು, ಇನ್‌ಸೋಲು ಹಾಕಿಸಿಕೊಂಡವರ ಪಾದಗಳೂ ಏನೂ ಹಾಕದವರ ಪಾದಗಳೂ ಒಂದೇ ರೀತಿ ಸುಧಾರಿಸಿದ್ದವು. ಮಗುವಿನ ಕಮಾನು ಹುಟ್ಟಿನಿಂದ ಇರುವುದಿಲ್ಲ. ಕೊಬ್ಬು ಕರಗಿ, ಸ್ನಾಯುಬಂಧ ಬಿಗಿಯಾಗುತ್ತ ಮೊದಲ ಹತ್ತು ವರ್ಷಗಳಲ್ಲಿ ನಿಧಾನಕ್ಕೆ ಮೂಡುತ್ತದೆ. ಆ ಕೆಲಸದ ಹೆಗ್ಗಳಿಕೆ ಬೂಟಿಗೆ ಸಲ್ಲುತ್ತಿದೆ.

ಒಂದು ಮಾದರಿ ಪ್ರಸಂಗ ಇಟ್ಟುಕೊಂಡರೆ ವಿಷಯ ಸುಲಭವಾಗಿ ತಿಳಿಯುತ್ತದೆ. ಬಂದಳಿಕೆಯಂಥ ಊರಿನ ಆರು ವರ್ಷದ ಮಗು ವಾರಕ್ಕೆ ಎರಡು ಸಲ ರಾತ್ರಿ ಹನ್ನೊಂದರ ಹೊತ್ತಿಗೆ ಎದ್ದು ಕಾಲು ಸೆಳೆಯುತ್ತದೆ ಎಂದು ಅಳುತ್ತದೆ. ತೋರಿಸುವುದು ಮೀನಖಂಡ, ಮೊಣಕಾಲ ಹಿಂಭಾಗ, ತೊಡೆಯ ಮುಂಭಾಗ. ಇವತ್ತು ಎಡಗಾಲು, ಮುಂದಿನ ಸಲ ಎರಡೂ. ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದರೆ ಹಾಯೆನಿಸಿ ಅರ್ಧ ಗಂಟೆಯಲ್ಲಿ ನಿದ್ದೆ ಬರುತ್ತದೆ. ಬೆಳಗ್ಗೆ ನೋವಿನ ಸುಳಿವೂ ಇಲ್ಲದೆ ಶಾಲೆಗೆ ಓಡುತ್ತದೆ. ಪಾದ ಚಪ್ಪಟೆ, ಆದರೆ ತುದಿಗಾಲಲ್ಲಿ ನಿಲ್ಲಿಸಿದರೆ ಕಮಾನು ಎದ್ದು ಕಾಣುತ್ತದೆ, ಹಿಮ್ಮಡಿ ಒಳಕ್ಕೆ ತಿರುಗುತ್ತದೆ. ಇದು ಬಾಗುವ ಚಪ್ಪಟೆ ಪಾದ, ನೋವಿಗೆ ಸಂಬಂಧವಿಲ್ಲ. ನೋವು ಬೆಳವಣಿಗೆಯ ನೋವು. ತಿಕ್ಕುವುದು ಇಲ್ಲಿ ಮದ್ದೂ ಹೌದು, ಪರೀಕ್ಷೆಯೂ ಹೌದು. ಬೆಳವಣಿಗೆಯ ನೋವಿನ ಮಗು ತಿಕ್ಕಿಸಿಕೊಳ್ಳಲು ಕಾಲು ಚಾಚುತ್ತದೆ. ಮೂಳೆಯಲ್ಲೋ ಕೀಲಿನಲ್ಲೋ ತೊಂದರೆ ಇರುವ ಮಗು ಮುಟ್ಟಿದರೆ ಕಾಲು ಎಳೆದುಕೊಳ್ಳುತ್ತದೆ. ಮಲಗುವ ಮೊದಲು ತೊಡೆ, ಮೀನಖಂಡಗಳನ್ನು ಮೆಲ್ಲಗೆ ಹಿಗ್ಗಿಸಿದರೆ ಕೆಲವರಿಗೆ ಕಂತು ಕಡಿಮೆಯಾಗುತ್ತದೆ. ನೋವು ಜೋರಿದ್ದ ರಾತ್ರಿ ದೇಹತೂಕದ ಕಿಲೋಗೆ 10ರಿಂದ 15 ಮಿಲಿಗ್ರಾಂ ಲೆಕ್ಕದಲ್ಲಿ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್ ಮಕ್ಕಳಿಗೆ ಕೊಡಬಾರದು.

ಬೆಳವಣಿಗೆಯ ನೋವು ಎಂಬ ಹೆಸರೇ ತುಸು ದಾರಿ ತಪ್ಪಿಸುತ್ತದೆ. 1823ರಲ್ಲಿ ಫ್ರೆಂಚ್ ವೈದ್ಯ ದುಶಾಂ ಬಳಕೆಗೆ ತಂದ ಈ ಕಲ್ಪನೆಗೆ ಎಲ್ಲರೂ ಒಪ್ಪಿದ ವ್ಯಾಖ್ಯೆ ಇಂದಿಗೂ ಇಲ್ಲ ಎಂದು 2022ರ ಒಂದು ದೊಡ್ಡ ಸಮೀಕ್ಷೆ ತೋರಿಸಿತು. ಎತ್ತರ ಭರದಿಂದ ಏರುವ ವಯಸ್ಸಿನಲ್ಲಿ ಈ ನೋವು ಹೆಚ್ಚುವುದೂ ಇಲ್ಲ. ಆದ್ದರಿಂದ ಈ ಹೆಸರು ಕೊಡುವ ಮೊದಲು ಬೇರೆ ಕಾರಣ ಇಲ್ಲವೆಂದು ನೋಡಿಕೊಳ್ಳುವುದು ಕಡ್ಡಾಯ.

ಅದೇ ಮಗುವಿನ ಕಥೆಯಲ್ಲಿ ಎರಡು ವಿವರ ಬದಲಿಸಿದರೆ ತೀರ್ಪು ಪೂರ್ತಿ ಬೇರೆಯಾಗುತ್ತದೆ. ನೋವು ಯಾವಾಗಲೂ ಬಲಗಾಲಿನ ಮಂಡಿಯಲ್ಲೇ, ಹಗಲಲ್ಲೂ ಕುಂಟುತ್ತದೆ ಎಂದಿಟ್ಟುಕೊಳ್ಳಿ. ಮಂಡಿಯ ಎಕ್ಸ್‌ರೇ ತೆಗೆಸುತ್ತಾರೆ, ಸರಿಯಾಗಿ ಬರುತ್ತದೆ, ಮನೆಗೆ ಕಳಿಸುತ್ತಾರೆ. ಮತ್ತೆ ಮತ್ತೆ ಆಗುವ ತಪ್ಪು ಇದು. ಸೊಂಟದ ಕೀಲಿನ ನೋವು ಮಕ್ಕಳಿಗೆ ತೊಡೆಯಲ್ಲಿ, ಮಂಡಿಯಲ್ಲಿ ಅನುಭವಕ್ಕೆ ಬರುತ್ತದೆ. ಮಗುವನ್ನು ಅಂಗಾತ ಮಲಗಿಸಿ ತೊಡೆ ಮಡಿಸಿ ಒಳಕ್ಕೆ ತಿರುಗಿಸಿದಾಗ ಒಂದು ಕಡೆ ಕಡಿಮೆ ತಿರುಗಿದರೆ ಪರ್ಥಿಸ್ ಕಾಯಿಲೆಯ ಅನುಮಾನ ಬರಬೇಕು. ತೊಡೆಮೂಳೆಯ ತಲೆಗೆ ರಕ್ತ ತಪ್ಪಿ ಅದು ಕುಸಿಯುವ ಈ ಕಾಯಿಲೆ ಹೆಚ್ಚಾಗಿ 4ರಿಂದ 8 ವರ್ಷದ ಹುಡುಗರಲ್ಲಿ ಬರುತ್ತದೆ. ತೆಗೆಸಬೇಕಾದ ಎಕ್ಸ್‌ರೇ ಎರಡೂ ಸೊಂಟದ ಕೀಲುಗಳದು.

ಮಲೆನಾಡಿನಲ್ಲಿ ಸೊಂಟದ ಪ್ರಶ್ನೆಗೆ ಇನ್ನೊಂದು ತೂಕವಿದೆ. ಪಕ್ಕದ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವಿನಲ್ಲಿ ಗುರುತಿಸಲಾದ ಕೀಲು ಕಾಯಿಲೆ ಸೊಂಟ, ಮಂಡಿಗಳನ್ನು ಕೆಡಿಸಿ ಜನರನ್ನು ತೆವಳುವಂತೆ ಮಾಡಿತು. ಮೊದಮೊದಲು ಕೀಟನಾಶಕ ಸೇರಿದ ಗದ್ದೆ ಏಡಿಯ ಮೇಲೆ ಅನುಮಾನ ಹೋಗಿತ್ತು. ಮುಂದೆ ಅದು ವಂಶವಾಹಿಯಿಂದ ಬರುವ ಮೂಳೆ ಬೆಳವಣಿಗೆಯ ದೋಷವೆಂದು ತಿಳಿಯಿತು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಕೆಲವು ಕುಟುಂಬಗಳಲ್ಲಿ ಅದು ಇದೆ. ಹಾಗಾಗಿ ಶಿಕಾರಿಪುರ, ಸೊರಬದಲ್ಲಿ ಕಾಲು ನೋಯುವ ಮಗುವಿನ ಮನೆಯವರನ್ನು ಅಜ್ಜ, ಅತ್ತೆ, ಚಿಕ್ಕಪ್ಪ ಯಾರಾದರೂ ಚಿಕ್ಕ ವಯಸ್ಸಿಗೇ ಸೊಂಟ ಹಿಡಿದು ನಡೆಯುತ್ತಿದ್ದರೇ ಎಂದು ಕೇಳುವುದು ವಾಡಿಕೆಯ ಪ್ರಶ್ನೆಯಾಗಬೇಕು.

ಪಾದದ ದೂರೇ ನಿಜವಾಗುವ ಸಂದರ್ಭವೂ ಒಂದಿದೆ. ತುದಿಗಾಲಲ್ಲಿ ನಿಂತರೂ ಕಮಾನು ಬರದೆ, ಹಿಮ್ಮಡಿ ಅತ್ತಿತ್ತ ಆಡದೆ, ನಡೆದಾಗ ನೋಯುವ ಗಡಸು ಪಾದದಲ್ಲಿ ಎರಡು ಮೂಳೆಗಳು ಕೂಡಿಕೊಂಡಿರಬಹುದು. ಅದು ಸಾಮಾನ್ಯವಾಗಿ ಎಂಟು ವರ್ಷ ದಾಟಿದ ಮೇಲೆ, ಹಗಲಿನ ನೋವಾಗಿ ಬರುತ್ತದೆ.

ಬೆಳಗ್ಗೆ ಎದ್ದಾಗ ಕೀಲು ಬಿಗಿದು ಊದಿದ್ದರೆ ಅದು ಸಂಧಿವಾತದ ದಾರಿ. ಅದಕ್ಕಿಂತ ತುರ್ತಾದದ್ದು ಜ್ವರ, ಬಿಳಚಿಕೊಂಡ ಮುಖ, ಪೆಟ್ಟಿಲ್ಲದೆ ಮೂಡುವ ನೀಲಿ ಕಲೆ, ಇಳಿಯುತ್ತಿರುವ ತೂಕ ಇವುಗಳ ಜೊತೆಗಿನ ಮೂಳೆನೋವು. ರಕ್ತದ ಕ್ಯಾನ್ಸರು ಮಕ್ಕಳಲ್ಲಿ ಕೆಲವೊಮ್ಮೆ ಕಾಲುನೋವಾಗಿಯೇ ಶುರುವಾಗುತ್ತದೆ. ಇಂಥ ಮಗು ಶಾಲೆಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕಾಗಿ ಕಾಯಬಾರದು. ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಶಿವಮೊಗ್ಗದ ಮೆಗ್ಗಾನ್‌ಗೆ ಆ ವಾರದಲ್ಲೇ ಹೋಗಬೇಕು. ರಕ್ತಕಣಗಳ ಎಣಿಕೆ ಮೊದಲ ಸಲ ಹೆಚ್ಚುಕಡಿಮೆ ಸರಿಯಾಗಿಯೇ ಬರಬಹುದು, ಆದ್ದರಿಂದ ರಕ್ತದ ಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸಬೇಕು, ನೋವು ಉಳಿದರೆ ಪರೀಕ್ಷೆ ಮತ್ತೆ ಮಾಡಿಸಬೇಕು. ಅದಕ್ಕೆ ಮೊದಲು ಕೀಲುನೋವೆಂದು ಸ್ಟೀರಾಯ್ಡ್ ಕೊಡುವುದು ದೊಡ್ಡ ತಪ್ಪು. ನೋವು ಇಳಿಯುತ್ತದೆ, ಮಗು ಚೇತರಿಸಿದಂತೆ ಕಾಣುತ್ತದೆ, ಕ್ಯಾನ್ಸರಿನ ಕಣಗಳು ಕೆಲವು ವಾರ ಮರೆಯಾಗಿ ರೋಗ ಪತ್ತೆಯಾಗುವುದೇ ತಡವಾಗುತ್ತದೆ.