ಹೂವಿನ ಬುಟ್ಟಿಯ ಪಕ್ಕ ಬರೆದ ಒಂಬತ್ತು ಪುಟ

ಎಂ.ಎ. ಸಮಾಜಶಾಸ್ತ್ರದ ಪ್ರಬಂಧಗಳ ಮೌಲ್ಯಮಾಪನಕ್ಕೆ ಹೋಗಿದ್ದಾಗ ಒಬ್ಬ ವಿದ್ಯಾರ್ಥಿನಿಯ ಕ್ಷೇತ್ರಕಾರ್ಯದ ದಿನಚರಿ ನನ್ನ ಕೈಗೆ ಬಂತು. ಬೆಂಗಳೂರಿನ ಒಂದು ಬಜಾರಿನ ಫುಟ್‌ಪಾತಿನಲ್ಲಿ ಹೂವು, ನಿಂಬೆಹಣ್ಣು, ಬಾಳೆಎಲೆ ಮಾರುವವರ ಜೊತೆ ಮೂರು ವಾರ ಕೂತು ಬರೆದದ್ದು. ಪ್ರಬಂಧ ಸಾಧಾರಣವಾಗಿತ್ತು. ದಿನಚರಿಯಲ್ಲಿ ಮಾತ್ರ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬರೆದ ಒಂಬತ್ತು ಪುಟ ನನ್ನನ್ನು ಹಿಡಿದು ಕೂರಿಸಿತು. ಆಕೆಯ ಒಪ್ಪಿಗೆ ಪಡೆದು ಆ ಒಂದು ದಿನದ ಬರಹದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಬಜಾರಿನ ಹೆಸರು ಹೇಳುವುದಿಲ್ಲ. ಕಾರಣ ಮುಂದೆ ಬರುತ್ತದೆ.

ಬರಹ ಶುರುವಾಗುವುದು ತನ್ನ ಪೂರ್ವಗ್ರಹಗಳ ಒಪ್ಪಿಗೆಯಿಂದ. ‘ನಾನು ಮಧ್ಯಮವರ್ಗದವಳು, ಓದಿದವಳು, ಇವರ ಬದುಕನ್ನು ಹೊರಗಿನಿಂದ ನೋಡುತ್ತಿದ್ದೇನೆ’ ಎಂಬ ಅರ್ಥದ ಒಂದೂವರೆ ಪುಟ. ಇದು ಇಡೀ ಬರಹದ ದುರ್ಬಲ ಭಾಗ. ಅದರಲ್ಲಿ ಸುಳ್ಳೇನಿಲ್ಲ. ಆದರೆ ಅದನ್ನು ಬಜಾರಿಗೆ ಹೋಗದೆಯೂ ಬರೆಯಬಹುದಿತ್ತು. ಇದಕ್ಕೆ ಹುಡುಗಿಯನ್ನು ದೂರುವುದೂ ಸರಿಯಲ್ಲ. ದಿನಚರಿಗೆ ಆಂತರಿಕ ಅಂಕ ಕೊಡುತ್ತೇವೆ ಎಂದು ವಿಭಾಗದವರು ಹೇಳಿದ ದಿನದಿಂದಲೇ ಮಕ್ಕಳು ಸಂದೇಹವನ್ನೂ ಅಂಕಕ್ಕಾಗಿ ಬರೆಯಲು ಕಲಿಯುತ್ತಾರೆ. ಪ್ರತಿ ವರ್ಷ ಇದೇ ಒಂದೂವರೆ ಪುಟವನ್ನು ಬೇರೆ ಬೇರೆ ಕೈಬರಹದಲ್ಲಿ ಓದುತ್ತಿದ್ದೇನೆ.

ಮೂರನೆಯ ಪುಟದಿಂದ ಬರಹದ ದನಿಯೇ ಬೇರೆ. ಬೆಳಿಗ್ಗೆ ಆರೂಕಾಲಕ್ಕೆ ಹೋಗಿ ಹೂವಿನಮ್ಮನ ಎದುರು ನಿಂತು ಪ್ರಶ್ನೆ ಕೇಳಿದಳಂತೆ. ಆಕೆ ಮುಖ ಎತ್ತಲಿಲ್ಲ. ಪಕ್ಕದ ನಿಂಬೆಹಣ್ಣಿನವನು, ‘ಬೋಣಿ ಆಗ್ಲಿ ತಡೀಮ್ಮ’ ಅಂದ. ದಿನದ ಮೊದಲ ಮಾರಾಟಕ್ಕೆ ಮುಂಚೆ ಬರಿಗೈಯಲ್ಲಿ ಬಂದು ಮಾತಾಡಿಸಿ ಹೋಗುವವರು ವ್ಯಾಪಾರಕ್ಕೆ ಒಳ್ಳೆಯದಲ್ಲ ಎಂಬ ನಂಬಿಕೆ ಈಕೆಗೆ ಗೊತ್ತಿರಲಿಲ್ಲ. ಹತ್ತು ದಿನ ತಾನು ಹೀಗೇ ಬೋಣಿಗೆ ಮುಂಚೆ ನಿಂತಿದ್ದೆ, ಯಾರೂ ಬಾಯಿಬಿಟ್ಟು ಹೇಳಲಿಲ್ಲ ಎಂದು ಎಣಿಸಿ ಬರೆದಿದ್ದಾಳೆ. ಕೂಡಲೇ ಎರಡು ಮೊಳ ಮಲ್ಲಿಗೆ ಕೊಂಡಳು. ಹೂವಿನಮ್ಮ ನೋಟನ್ನು ಕಣ್ಣಿಗೊತ್ತಿಕೊಂಡು, ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದು, ಆಮೇಲೆ ಇನ್ನರ್ಧ ಮೊಳ ಸುಮ್ಮನೆ ಸೇರಿಸಿ ಕೊಟ್ಟಳು.

ಆ ಅರ್ಧ ಮೊಳವೇ ಈ ಬರಹದ ಒಳ್ಳೆಯ ಪುಟಕ್ಕೆ ಕಾರಣ. ಹಿಂದಿನ ವಾರ ಇದೇ ದಿನಚರಿಯಲ್ಲಿ ಆಕೆ, ಕಾರಿನಿಂದ ಇಳಿದವರಿಗೆ ಹೂವಿನಮ್ಮ ಕೈ ಮಡಚಿ ಚಿಕ್ಕ ಮೊಳ ಅಳೆಯುತ್ತಾಳೆ ಎಂದು ಗಮನಿಸಿ, ಅಂಚಿನಲ್ಲಿ ‘ಮೋಸ’ ಎಂದು ಗುರುತು ಹಾಕಿದ್ದಳು. ಈಗ ತನಗೆ ಸಿಕ್ಕ ದೊಡ್ಡ ಮೊಳಕ್ಕೆ ಆ ಪದ ಬಳಸಲು ಮನಸ್ಸು ಬರಲಿಲ್ಲ. ಒಂದೇ ಕೈ, ಒಂದೇ ಅಳತೆ. ತನಗೆ ಹೆಚ್ಚು ಬಂದಾಗ ಪ್ರೀತಿ, ಇನ್ನೊಬ್ಬರಿಗೆ ಕಡಿಮೆ ಹೋದಾಗ ಮೋಸ ಎನ್ನುವ ತನ್ನ ತಕ್ಕಡಿಯನ್ನು ಆಕೆ ಆ ಕ್ಷಣದಲ್ಲಿ ಕಂಡಳು. ಮುಂದಿನ ಸಾಲು ಇನ್ನೂ ಮುಖ್ಯ: ತಾನು ಕೊಟ್ಟ ಬೆಲೆಗಳನ್ನೆಲ್ಲ ಬೆಲೆಪಟ್ಟಿಯಿಂದ ತೆಗೆಯಬೇಕು, ಅವು ಗಿರಾಕಿಯ ಬೆಲೆಯಲ್ಲ ಎಂದು ಬರೆದು, ಹಿಂದಿನ ಪುಟಗಳಲ್ಲಿ ಅಂಥ ಏಳು ನಮೂದುಗಳಿಗೆ ಕೆಂಪು ಗೆರೆ ಎಳೆದಿದ್ದಾಳೆ. ಪೂರ್ವಗ್ರಹ ಗೊತ್ತಾದ ಮೇಲೆ ಟಿಪ್ಪಣಿಯಲ್ಲಿ ಏನಾದರೂ ಬದಲಾಗಬೇಕು. ಮೊದಲ ಒಂದೂವರೆ ಪುಟದಿಂದ ಏನೂ ಬದಲಾಗಲಿಲ್ಲ. ಅರ್ಧ ಮೊಳ ಮಲ್ಲಿಗೆಯಿಂದ ಏಳು ನಮೂದು ಬದಲಾದವು.

ಇದೇ ಪರೀಕ್ಷೆಯನ್ನು ಆಕೆಯ ಲೆಕ್ಕದ ಪುಟಕ್ಕೂ ಹಚ್ಚಿ ನೋಡಿದೆ. ಮೂರನೆಯ ದಿನ ‘ಎಷ್ಟು ಉಳಿಯುತ್ತಮ್ಮ?’ ಎಂದು ಕೇಳಿದ್ದಕ್ಕೆ, ‘ಏನುಳಿಯುತ್ತೆ, ಇನ್ನೂರೋ ಮುನ್ನೂರೋ’ ಎಂಬ ಉತ್ತರ ಬಂದಿತ್ತು. ಹಬ್ಬದ ಹಿಂದಿನ ದಿನ ಈಕೆ ದಾರ ಹಿಡಿದುಕೊಟ್ಟು, ಬಾಳೆಎಲೆ ಹರಿದುಕೊಟ್ಟು, ರಾತ್ರಿ ಒಂಬತ್ತರವರೆಗೆ ಪಕ್ಕದಲ್ಲೇ ಕೂತಳು. ಲೆಕ್ಕ ಹೀಗಿದೆ. ಬೆಳಗಿನ ಜಾವ ದಿನದ ಬಡ್ಡಿಗೆ 5,000 ರೂಪಾಯಿ ಸಾಲ. ಬಡ್ಡಿ 500 ಮೊದಲೇ ಹಿಡಿದು ಕೈಗೆ ಬಂದದ್ದು 4,500. ಹೂವಿಗೆ 4,100, ಪಾಲಿನ ಆಟೋಗೆ 150, ದಾರಕ್ಕೂ ಎಲೆಗೂ 80. ಕೈಯಲ್ಲಿ ಉಳಿದದ್ದು 170. ದಿನದ ಮಾರಾಟ 5,720. ಎರಡೂ ಸೇರಿ 5,890ರಲ್ಲಿ ಸಂಜೆ ಸಾಲದ 5,000 ಹೋಯಿತು. 890 ಉಳಿಯಿತು. ಅದರಲ್ಲಿ ಮಾಮೂಲು 50, ಊಟ-ಟೀ 90. ಕೊನೆಗೆ ಸೆರಗಿನ ಗಂಟಿಗೆ ಹೋದದ್ದು 750.

ಇದರ ಕೆಳಗೆ ಆಕೆ ಬರೆದ ಮೊದಲ ಪದ ‘ಸುಳ್ಳು’. ಇನ್ನೂರು ಅಂದವಳಿಗೆ ಏಳುನೂರೈವತ್ತು ಸಿಕ್ಕಿತಲ್ಲ ಎಂಬ ಸಿಟ್ಟು. ಆ ಪದವನ್ನು ಹೊಡೆದುಹಾಕಿದ್ದಾಳೆ, ಆದರೆ ಓದಲು ಬರುವಂತೆ ಒಂದೇ ಗೆರೆ ಎಳೆದು. ಹಾಗೆ ಉಳಿಸಿದ್ದು ಒಳ್ಳೆಯ ಕೆಲಸ. ಕ್ಷೇತ್ರದ ಟಿಪ್ಪಣಿಯಲ್ಲಿ ಅಳಿಸಿಹಾಕುವುದಕ್ಕಿಂತ ಹೊಡೆದು ಉಳಿಸುವುದೇ ಮೇಲು, ಯಾಕೆಂದರೆ ಆ ತಪ್ಪು ಅಭಿಪ್ರಾಯವೂ ಆ ದಿನದ ದಾಖಲೆಯೇ. ಪಕ್ಕದಲ್ಲಿ, ‘ಆಷಾಢದಲ್ಲಿ ಎಷ್ಟು ದಿನ ಬಾಡಿದ ಹೂವು ಚೆಲ್ಲಿದಳೋ ನಾನು ಕೇಳಿಲ್ಲ’ ಎಂದಿದೆ. ಮದುವೆಗಳಿಲ್ಲದ ಆಷಾಢವನ್ನೂ ಶ್ರಾವಣದ ಈ ಒಂದು ದಿನವನ್ನೂ ಸೇರಿಸಿದರೆ ಇನ್ನೂರು-ಮುನ್ನೂರು ನಿಜವಾದ ಸರಾಸರಿಯೇ ಇರಬಹುದು. ವಿದ್ಯಾರ್ಥಿನಿ ಕೇಳಿದ್ದು ‘ಉಳಿಯುವುದು’, ಲೆಕ್ಕ ಹಾಕಿದ್ದು ವರ್ಷದ ಅತ್ಯುತ್ತಮ ದಿನದ ಗಳಿಕೆ. ಇಲ್ಲಿ ಒಂದು ಕೊರತೆಯನ್ನು ಹೇಳಲೇಬೇಕು. ಇಷ್ಟು ಕಂಡವಳು, 500 ಬಡ್ಡಿ ಕೊಟ್ಟು 750 ಉಳಿಸಿಕೊಂಡಳಲ್ಲ ಎಂಬುದರ ಮುಂದೆ ನಿಲ್ಲಲಿಲ್ಲ. ಒಂದೇ ದಿನದಲ್ಲಿ ಸಾಲ ಕೊಟ್ಟವನಿಗೆ ಕೈಗೆ ಬಂದ ಹಣದ ಒಂಬತ್ತನೆಯ ಒಂದು ಪಾಲು ಹೋಯಿತು. ಅದು ಮಾರಿದವಳು ಗಳಿಸಿದ್ದರ ಮೂರನೆಯ ಎರಡು ಪಾಲು. ಹೂವಿನಮ್ಮ ತನಗೆ ನಿಜ ಹೇಳಿದಳೇ ಎಂಬ ಚಿಂತೆಯಲ್ಲಿ ಆ ಅಂಕಿ ಮರೆಗೆ ಸರಿದಿದೆ.

ಇಡೀ ಬರಹದ ಅತಿ ಭಾರದ ಸಾಲು ಆರನೆಯ ಪುಟದಲ್ಲಿದೆ, ಅದೂ ಒಂದೇ ಸಾಲು: ಮೊದಲ ಎರಡು ದಿನ ಎಲ್ಲರೂ ನನ್ನನ್ನು ಸರ್ವೆಯವಳೆಂದು ತಿಳಿದಿದ್ದರು, ನಾನು ತಿದ್ದಲಿಲ್ಲ.

ಇದರ ಭಾರ ಗೊತ್ತಾಗಬೇಕಾದರೆ ಬೀದಿಯವರಿಗೆ ಸರ್ವೆ ಎಂದರೇನು ಎಂಬುದು ತಿಳಿದಿರಬೇಕು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಾಲಿಕೆ ಸಮೀಕ್ಷೆ ಮಾಡಿ ವ್ಯಾಪಾರಿಗಳನ್ನು ಗುರುತಿಸಬೇಕು, ಅವರಿಗೆ ಪ್ರಮಾಣಪತ್ರ, ಗುರುತಿನ ಚೀಟಿ ಕೊಡಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಇದ್ದವರನ್ನು ಎಬ್ಬಿಸುವಂತಿಲ್ಲ. 2020ರಲ್ಲಿ ಬಂದ ಸ್ವನಿಧಿ ಯೋಜನೆಯಲ್ಲಿ ಮೊದಲ ಕಂತಿನ ಸಾಲ ಸಿಗಬೇಕಾದರೂ ಈ ಚೀಟಿಯೋ, ಸಮೀಕ್ಷೆಯಲ್ಲಿ ಹೆಸರೋ, ಪಾಲಿಕೆಯ ಶಿಫಾರಸು ಪತ್ರವೋ ಬೇಕು. ದಿನಕ್ಕೆ 500 ಬಡ್ಡಿ ಕಟ್ಟುವವಳಿಗೆ ಆ ಹೆಸರು ಸೇರಿಸುವ ಹುಡುಗಿ ಎಂದರೆ ದೇವರೇ ಬಂದ ಹಾಗೆ. ಕೈಯಲ್ಲಿ ರಟ್ಟು, ಕ್ಲಿಪ್ಪು, ಅಚ್ಚಾದ ಹಾಳೆ ಹಿಡಿದು ಬಂದವಳಿಗೆ ಅವರು ಊರು, ಜಾತಿ, ಸಾಲ, ಯಾರಿಗೆ ಎಷ್ಟು ಮಾಮೂಲು ಎಂಬುದನ್ನೆಲ್ಲ ಹೇಳಿದ್ದು ಯಾಕೆಂದು ಬೇರೆ ವಿವರಣೆ ಬೇಡ.

ಒಪ್ಪಿಗೆ ಪತ್ರದ ವಿಷಯವೂ ಇಲ್ಲಿಯೇ ಕೆಡುತ್ತದೆ. ಆಕೆ ಮಾತಾಡಿಸಿದ ಐವರಲ್ಲಿ ನಾಲ್ವರು ಹೆಬ್ಬೆಟ್ಟು ಒತ್ತಿದ್ದಾರೆ. ಹೂವಿನಮ್ಮ ಮಾತ್ರ, ‘ಮಾತು ಬೇಕಾದ್ರೆ ಆಡ್ತೀನಿ, ಸೈನ್ ಹಾಕಲ್ಲ ಮಗಳೇ’ ಅಂದಳು. ವಿದ್ಯಾರ್ಥಿನಿ ಇದನ್ನು ತನ್ನ ವಿಧಾನದ ಸೋಲೆಂದು ಬರೆದುಕೊಂಡು ಬೇಜಾರಾಗಿದ್ದಾಳೆ. ನನಗೆ ಅದು ತಿರುಗುಮುರುಗಾಗಿ ಕಾಣುತ್ತದೆ. ಸರ್ವೆಯ ಹಾಳೆ ಎಂದುಕೊಂಡು ಒತ್ತಿದ ನಾಲ್ಕು ಹೆಬ್ಬೆಟ್ಟು ಒಪ್ಪಿಗೆಯೇ ಅಲ್ಲ. ಸೈನ್ ಹಾಕದವಳು ಮಾತ್ರ ತಾನು ಏನು ಕೊಡುತ್ತಿದ್ದೇನೆ, ಏನು ಕೊಡುತ್ತಿಲ್ಲ ಎಂದು ತಿಳಿದು ಒಪ್ಪಿದವಳು. ಕಾಗದದ ಮೇಲಿನ ಗುರುತು ಹಿಂದೆ ಎಷ್ಟು ಜನರನ್ನು ಸಾಲಕ್ಕೆ ಜಾಮೀನು ಮಾಡಿದೆ ಎಂಬುದು ಬಜಾರಿನವರಿಗೆ ಚೆನ್ನಾಗಿ ಗೊತ್ತು.

ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯಲ್ಲಿ ಕ್ಷೇತ್ರಕಾರ್ಯ ಮಾಡಿದರು. ಆ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಸಿಕ್ಕ ಮೇಲೆ ನೆನಪಿನಿಂದ ಬರೆದ ಪುಸ್ತಕ 1976ರಲ್ಲಿ ಬಂತು. ಅದರಲ್ಲಿ ತಾವು ಊರಿನ ಮುಖಂಡರ ಆಸರೆಯಲ್ಲಿದ್ದುದರಿಂದ ಯಾರ ಮನೆ ಹತ್ತಿರವಾಯಿತು, ಯಾರ ಕೇರಿ ದೂರ ಉಳಿಯಿತು ಎಂದು ಅವರು ಹೇಳಿಕೊಳ್ಳುತ್ತಾರೆ. ಆ ಒಪ್ಪಿಗೆಗೆ ವಿಳಾಸವಿದೆ. ಯಾವ ಭಾಗವನ್ನು ಎಷ್ಟು ನಂಬಬೇಕೆಂದು ಓದುವವನಿಗೆ ತಿಳಿಯುತ್ತದೆ. ನ್ಯೂಯಾರ್ಕಿನ ಬೀದಿಯಲ್ಲಿ ಪುಸ್ತಕ ಮಾರುವವರ ಬಗ್ಗೆ ಬರೆದ ಮಿಚೆಲ್ ಡ್ಯುನಿಯರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮೊದಲ ಹಸ್ತಪ್ರತಿಯನ್ನು ತಾವು ಬರೆದದ್ದು ಯಾರ ಬಗ್ಗೆಯೋ ಆ ವ್ಯಾಪಾರಿ ಹಕೀಂ ಹಸನ್‌ಗೇ ಓದಲು ಕೊಟ್ಟರು. ಇದರಲ್ಲಿ ನನ್ನ ಮೇಜೊಂದೇ ಇದೆ, ಈ ಬೀದಿಯ ಉಳಿದವರು ಎಲ್ಲಿ ಎಂಬುದು ಹಸನ್ ತೆಗೆದ ತಕರಾರು. ಡ್ಯುನಿಯರ್ ಮತ್ತೆ ಬೀದಿಗೆ ಹೋದರು, ಪುಸ್ತಕವನ್ನು ಹೊಸದಾಗಿ ಬರೆದರು. 1999ರಲ್ಲಿ ಅದು ಹಸನ್ ಬರೆದ ಹಿನ್ನುಡಿಯೊಂದಿಗೆ ಬಂತು.

ಎಂ.ಎ. ವಿದ್ಯಾರ್ಥಿನಿಯಿಂದ ಅಷ್ಟನ್ನು ನಿರೀಕ್ಷಿಸಲಾಗದು. ಆದರೆ ಹೆಸರು ಮರೆಸುವ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕಿತ್ತು. ಹೂವಿನಮ್ಮನ ಹೆಸರು ಬದಲಿಸಿದ್ದಾಳೆ, ಸರಿ. ಅದೇ ಪುಟದಲ್ಲಿ ಯಾವ ದೇವಸ್ಥಾನದ ಎದುರು, ಯಾವ ಬಣ್ಣದ ಛತ್ರಿಯ ಕೆಳಗೆ, ಕಾಲಿನ ಯಾವ ಊನ ಎಂದೆಲ್ಲ ಬರೆದು, ಕೆಳಗೆ ಮಾಮೂಲು ಎಷ್ಟು, ಯಾವ ವಾರ, ಯಾರ ಕೈಗೆ ಎಂದೂ ಬರೆದಿದ್ದಾಳೆ. ಆ ಬಜಾರಿನ ಯಾರಿಗಾದರೂ ಅದು ಯಾರೆಂದು ಎರಡು ಸಾಲಿನಲ್ಲಿ ಗೊತ್ತಾಗುತ್ತದೆ. ಅಧ್ಯಾಪಕರಿಗೆ ಗುರುತು ಸಿಗದಂತೆ ಮಾಡಿದರೆ ಸಾಲದು, ಪಕ್ಕದ ಬುಟ್ಟಿಯವನಿಗೂ, ಬೀಟಿನವನಿಗೂ ಸಿಗಬಾರದು. ನಾನು ಬಜಾರಿನ ಹೆಸರು ಬಿಟ್ಟದ್ದು ಇದಕ್ಕೆ. ಈ ಪುಟವಿರುವ ಪ್ರಬಂಧ ಕಾಲೇಜಿನ ಗ್ರಂಥಾಲಯದ ಕಪಾಟಿಗೆ ಹೋಗುವುದಿತ್ತು. ದಿನಚರಿಯನ್ನು ಅನುಬಂಧವಾಗಿ ಕೇಳುವ ಪದ್ಧತಿಯನ್ನೇ ವಿಭಾಗಗಳು ಕೈಬಿಡಬೇಕು. ಮಾರ್ಗದರ್ಶಕರು ಅದನ್ನು ವಾರಕ್ಕೊಮ್ಮೆ ಎದುರು ಕೂತು ಓದಲಿ, ಚರ್ಚಿಸಲಿ, ವಾಪಸು ಕೊಡಲಿ. ಅಂಕ ಬೇಡ.

ಸಂದರ್ಶನದ ದಿನ ನಾನು ಆಕೆಗೆ ಆರನೆಯ ಪುಟ ತೆಗೆದು ತೋರಿಸಿದೆ. ಅದರ ಮೇಲೆ ಇನ್ನೊಂದು ಸಾಲೂ ಯಾಕಿಲ್ಲ ಎಂದು ಕೇಳಿದೆ. ಬರೆಯಲು ಭಯವಾಯಿತು ಎಂದಳು. ಮೌಲ್ಯಮಾಪನವನ್ನು ಎರಡು ವಾರ ಮುಂದೂಡಿಸಿದೆವು. ಆಕೆ ಬಜಾರಿಗೆ ಹೋಗಿ ಐದೂ ಜನರ ಹತ್ತಿರ, ನಾನು ಸರ್ವೆಯವಳಲ್ಲ, ನನ್ನಿಂದ ಚೀಟಿ ಸಿಗುವುದಿಲ್ಲ ಎಂದು ಹೇಳಿಬಂದಳು. ಹೂವಿನಮ್ಮ ತನಗೆ ಮೊದಲೇ ಗೊತ್ತಿತ್ತು ಎಂದಳಂತೆ. ಮತ್ತಿಬ್ಬರು, ಆದದ್ದಾಯಿತು, ಬರೆದದ್ದು ಇರಲಿ ಎಂದರು. ಉಳಿದ ಇಬ್ಬರು ತಮ್ಮ ಮಾತು ಬೇಡ ಎಂದರು. ಆ ಇಬ್ಬರ ಮಾತಿದ್ದ ಹದಿನಾಲ್ಕು ಪುಟ ಈಗ ಪ್ರಬಂಧದಲ್ಲಿಲ್ಲ.