ನಲವತ್ತಾರು ಅಂತ ಬರೆದ ಹುಡುಗಿ

2026ರ ಯುಗಾದಿ ರಜೆಗೆ ಹಿರೇಬೆಂಡಿಗೇರಿಗೆ ಹೋದಾಗ, ಅಕ್ಕ ಹುಬ್ಬಳ್ಳಿಯಿಂದ ಒಂದು ಕಟ್ಟು ಹಾಳೆ ತಂದಿದ್ದಳು. ಭಾನುವಾರ ಪೂಜೆ ಮುಗಿದ ಮೇಲೆ ಅವಳು ಚಿಕ್ಕ ಮಕ್ಕಳಿಗೆ ಧರ್ಮೋಪದೇಶದ ಕ್ಲಾಸ್ ತಗೊಳ್ತಾಳೆ. ಹಾಳೆಯ ತಲೆಬರಹ 'ಚರ್ಚಿನ ವರ್ಷದ ಕಾಲಗಳು'. ಕೆಳಗೆ ಹನ್ನೆರಡು ಬಿಟ್ಟ ಸ್ಥಳ. ಒಂದು ಹಾಳೆ ನನ್ನ ಮುಂದೆ ಹಿಡಿದು ಕೇಳಿದಳು, "ತಮ್ಮಾ, ಇದನ್ನ ತಪ್ಪು ಅಂತ ಹೆಂಗ ಹೊಡೀಲಿ?"

ವಾಕ್ಯ ಹೀಗಿತ್ತು: 'ತಪಸ್ಸುಕಾಲವು ____ ದಿನಗಳು.' ಉತ್ತರ 40 ಆಗಬೇಕು. ಹುಡುಗಿ 46 ಅಂತ ಬರೆದಿದ್ದಳು. ಕ್ಯಾಲೆಂಡರ್ ಮುಂದೆ ನಿಂತು ಎಣಿಸಿದ್ದಾಳೆ ಅನ್ನೋದು ಸ್ಪಷ್ಟ. ಬೂದಿ ಬುಧವಾರ ಫೆಬ್ರವರಿ 18. ಅಲ್ಲಿಂದ ತಿಂಗಳ ಕೊನೆಗೆ 11 ದಿನ, ಮಾರ್ಚ್‌ನ 31, ಈಸ್ಟರಿನ ಹಿಂದಿನ ಶನಿವಾರದವರೆಗೆ ಏಪ್ರಿಲ್‌ನ 4. ಕೂಡಿದರೆ ನಲವತ್ತಾರೇ. ನಡುವಿನ ಆರು ಭಾನುವಾರ ಕಳೆದರೆ ಮಾತ್ರ 40 ಆಗುತ್ತೆ. ಭಾನುವಾರ ಅಂದರೆ ಪುನರುತ್ಥಾನದ ದಿನ, ಅವತ್ತು ಉಪವಾಸ ಇಲ್ಲ, ಹಾಗಾಗಿ ಲೆಕ್ಕಕ್ಕಿಲ್ಲ. ಇಡೀ ಪಾಠದಲ್ಲಿ ಮಗು ಮರೆಯದೇ ಇರೋ ವಿಷಯ ಇದೊಂದೇ, ಹಾಳೆಯಲ್ಲಿ ಅದಕ್ಕೇ ಜಾಗ ಇಲ್ಲ. ಈಗಿನ ನಿಯಮದ ಪ್ರಕಾರ ತಪಸ್ಸುಕಾಲ ಪವಿತ್ರ ಗುರುವಾರ ಸಂಜೆಗೇ ಮುಗಿಯುತ್ತೆ, ಹಾಗೆ ಎಣಿಸಿದರೆ 44. ಮೂರು ಲೆಕ್ಕಕ್ಕೂ ಕಾರಣ ಇದೆ, ಆದರೆ ಗೆರೆ ಒಂದೇ.

ಇನ್ನೊಂದು ವಾಕ್ಯ: 'ವಿಶೇಷ ಹಬ್ಬಗಳಿಲ್ಲದ ಕಾಲ ____.' ಉತ್ತರ, ಸಾಧಾರಣ ಕಾಲ. ಇಲ್ಲಿ ದೋಷ ಅನುವಾದದ ಕಾಲದಿಂದಲೇ ಬಂದಿದೆ. ಮೂಲ ಹೆಸರಿನ ಹಿಂದೆ ಇರೋದು ಒಂದನೇ, ಎರಡನೇ, ಮೂರನೇ ಎಂಬ ಎಣಿಕೆ. ಅಂದರೆ ಇವು ಸಂಖ್ಯೆ ಹಾಕಿದ ವಾರಗಳು. ಕನ್ನಡಕ್ಕೆ ಬರುವಾಗ ಎಣಿಕೆ ಬಿದ್ದುಹೋಗಿ 'ಏನೂ ಇಲ್ಲದ ಕಾಲ' ಅನ್ನೋ ಅರ್ಥ ಉಳಿಯಿತು. ಹಾಳೆ ಅದನ್ನೇ ಗಟ್ಟಿ ಮಾಡುತ್ತೆ. ಚಿತ್ರದಲ್ಲೂ ಅದನ್ನ ಪೆಂತೆಕೋಸ್ತಿನ ಆಚೆ ಒಂದೇ ಹಸಿರು ಪಟ್ಟಿಯಾಗಿ ಬಳಿದಿದ್ದಾರೆ. ನಿಜವಾಗಿ ಅದು ಎರಡು ತುಂಡು. 2026ರಲ್ಲಿ ಮೊದಲನೆಯದು ಜನವರಿ 12ರಿಂದ ಫೆಬ್ರವರಿ 17ರವರೆಗೆ, ಎರಡನೆಯದು ಮೇ 25ರಿಂದ ನವೆಂಬರ್ 28ರವರೆಗೆ. ಒಟ್ಟು 225 ದಿನ. ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲಕ್ಕೆ ಒಂದು ಗೆರೆ, ಆಗಮನ ಕಾಲದ ನಾಲ್ಕು ವಾರಕ್ಕೆ ಮೂರು ಗೆರೆ!

ನನಗೆ ಹೆಚ್ಚು ಬೇಜಾರಾಗಿದ್ದು ಈಸ್ಟರಿನ ಪ್ರಶ್ನೆ ನೋಡಿ. 'ಈಸ್ಟರ್ ಹಬ್ಬವು ____ ತಿಂಗಳಲ್ಲಿ ಬರುತ್ತದೆ.' ಏಪ್ರಿಲ್ ಅಂತ ಬರೀಬೇಕಂತೆ. 2024ರಲ್ಲಿ ಅದು ಮಾರ್ಚ್ 31ಕ್ಕೆ ಬಂದಿತ್ತು. ಮಾರ್ಚ್ 21 ಅಥವಾ ಅದರ ನಂತರದ ಮೊದಲ ಹುಣ್ಣಿಮೆ, ಅದರ ಮುಂದಿನ ಭಾನುವಾರ: ನಿಯಮ ಇಷ್ಟೇ. ಅಮಾವಾಸ್ಯೆ, ಹುಣ್ಣಿಮೆ ನೋಡಿಯೇ ಹಬ್ಬ ಮಾಡೋ ನಮ್ಮ ಕಡೆಯ ಮಕ್ಕಳಿಗೆ ಇದು ನೀರು ಕುಡಿದಷ್ಟು ಸಲೀಸು. 2024ರಲ್ಲಿ ಅದು ಹೋಳಿ ಹುಣ್ಣಿಮೆ, 2026ರಲ್ಲಿ ದವನದ ಹುಣ್ಣಿಮೆ.

ಹಾಗಾಗಿ ಅಕ್ಕನಿಗೆ ಹೇಳಿದೆ: ಬಣ್ಣ, ಹೆಸರು ಕಲಿಯೋಕೆ ಬಿಟ್ಟ ಸ್ಥಳ ಇರಲಿ. ನೇರಳೆ, ಬಿಳಿ, ಹಸಿರು, ಕೆಂಪು ನೆನಪಿಡೋಕೆ ಅದು ಸಾಕು, ಬೇಗ ತಿದ್ದಲೂಬಹುದು. ಆದರೆ ಸಂಖ್ಯೆಯ ಪ್ರಶ್ನೆಗಳನ್ನ ಹೊಡೆದುಹಾಕಿ ಮಕ್ಕಳ ಕೈಗೆ ಕ್ಯಾಲೆಂಡರ್ ಕೊಡು. ಹುಣ್ಣಿಮೆ ಏಪ್ರಿಲ್ 2, ಗುರುವಾರ. ಮುಂದಿನ ಭಾನುವಾರ 5, ಅದೇ ಈಸ್ಟರ್. ಹಿಂದಕ್ಕೆ 46 ದಿನ ಎಣಿಸಿದರೆ ಬೂದಿ ಬುಧವಾರ, ಮುಂದಕ್ಕೆ 49 ಎಣಿಸಿದರೆ ಮೇ 24, ಪೆಂತೆಕೋಸ್ತ್. ಒಂದು ಹುಣ್ಣಿಮೆ ಸಿಕ್ಕರೆ ಅರ್ಧ ವರ್ಷ ತಾನಾಗಿ ಬಿಚ್ಚಿಕೊಳ್ಳುತ್ತೆ.

ಇದರಲ್ಲೂ ಒಂದು ಗುಂಡಿ ಇದೆ. ಚರ್ಚು ಆಕಾಶ ನೋಡಿ ಹುಣ್ಣಿಮೆ ಹಿಡಿಯಲ್ಲ, ತನ್ನ ಹಳೇ ಕೋಷ್ಟಕ ನೋಡುತ್ತೆ. 2025ರಲ್ಲಿ ನಮ್ಮ ಗೋಡೆ ಕ್ಯಾಲೆಂಡರಿನ ಹುಣ್ಣಿಮೆ ಏಪ್ರಿಲ್ 12, ಶನಿವಾರ. ಹಾಗಾದರೆ ಮರುದಿನವೇ ಈಸ್ಟರ್ ಆಗಬೇಕಿತ್ತು. ಆದರೆ ಕೋಷ್ಟಕದಲ್ಲಿ ಹುಣ್ಣಿಮೆ 13ರ ಭಾನುವಾರ ಇತ್ತು, ಹುಣ್ಣಿಮೆ ಭಾನುವಾರವೇ ಬಿದ್ದರೆ ಹಬ್ಬ ಒಂದು ವಾರ ಮುಂದಕ್ಕೆ. ಈಸ್ಟರ್ 20ಕ್ಕೆ ಬಂತು. ಹುಣ್ಣಿಮೆ ಶನಿವಾರ, ಭಾನುವಾರದ ಅಂಚಿಗೆ ಬಿದ್ದ ವರ್ಷ ಉತ್ತರವನ್ನ ಚರ್ಚಿನ ಕ್ಯಾಲೆಂಡರಿನ ಜೊತೆ ತಾಳೆ ನೋಡಲೇಬೇಕು. ಆ ತಪ್ಪು ಕೂಡ ಪಾಠವೇ.

ಅಕ್ಕ ಕೆಂಪು ಪೆನ್ನು ತೆಗೆದು 46ರ ಮುಂದೆ ರೈಟ್ ಹಾಕಿದಳು. ಪಕ್ಕದಲ್ಲಿ ಬರೆದಳು: 'ಭಾನುವಾರ ಎಷ್ಟು ಅದಾವ, ಎಣಿಸಿ ಬಾ.'