ವರದಿ ಇಮೇಲಿನಲ್ಲಿ ‘ಲೆಸ್’ ಮತ್ತು ‘ಫ್ಯೂವರ್’

ಎಣಿಸುವಂಥದ್ದಕ್ಕೆ ‘ಫ್ಯೂವರ್’ ಮತ್ತು ‘ನಂಬರ್’, ಅಳೆಯುವಂಥದ್ದಕ್ಕೆ ‘ಲೆಸ್’ ಮತ್ತು ‘ಅಮೌಂಟ್’ ಎಂಬುದು ಇಂಗ್ಲಿಷ್ ಬರವಣಿಗೆಯ ಪರಿಚಿತ ನಿಯಮ. ಕಚೇರಿಯ ವರದಿ ಇಮೇಲುಗಳಲ್ಲಿ ಇದರ ಪಾಲನೆ ಹೆಚ್ಚಾಗಿ ತಲೆಕೆಳಗಾಗಿರುತ್ತದೆ: ತಪ್ಪಿದರೂ ನಷ್ಟವಿಲ್ಲದ ಕಡೆ ತಿದ್ದುತ್ತಾರೆ, ಲೆಕ್ಕವೇ ಅಡಿಮೇಲಾಗುವ ಕಡೆ ಸುಮ್ಮನೆ ಬಿಡುತ್ತಾರೆ.

‘ಲೆಸ್ ಕಂಪ್ಲೇಂಟ್ಸ್’ ಎಂದು ಬರೆದರೆ ಶಿಷ್ಟ ಬರಹಕ್ಕೆ ಅದು ಒಪ್ಪದು, ಆದರೆ ದೂರುಗಳು ಇಳಿದಿವೆ ಎಂಬ ಅರ್ಥಕ್ಕೆ ಕುಂದಿಲ್ಲ. 9ನೇ ಶತಮಾನದ ಆಲ್ಫ್ರೆಡ್ ದೊರೆಯ ಕಾಲದ ಇಂಗ್ಲಿಷಿನಲ್ಲೇ ‘ಲೆಸ್’ ಎಣಿಕೆಗೂ ಸಲ್ಲುತ್ತಿತ್ತು. 1770ರಲ್ಲಿ ಇಂಗ್ಲಿಷ್ ಬಳಕೆಯ ಬಗ್ಗೆ ಬರೆದ ರಾಬರ್ಟ್ ಬೇಕರ್ ಎಣಿಕೆಗೆ ‘ಫ್ಯೂವರ್’ ಹೆಚ್ಚು ಒಪ್ಪುತ್ತದೆ ಎಂದು ತನ್ನ ಅಭಿರುಚಿಯನ್ನು ಹೇಳಿಕೊಂಡ. ಮುಂದಿನ ವ್ಯಾಕರಣಕಾರರು ಅದನ್ನು ಕಟ್ಟಳೆಯಾಗಿಸಿದರು. ಈ ಕಟ್ಟಳೆಗೆ ಹೆದರಿ ‘ಫ್ಯೂವರ್ ದ್ಯಾನ್ 500 ರುಪೀಸ್’, ‘ಫ್ಯೂವರ್ ದ್ಯಾನ್ 5 ಕಿಲೋಮೀಟರ್ಸ್’ ಎಂದು ಬರೆಯುವವರೂ ಇದ್ದಾರೆ. ಅಂಕಿ ಕಂಡರೆ ಸಾಕು, ಅದು ಎಣಿಕೆ ಎಂದು ಭಾವಿಸುವುದೇ ಇಲ್ಲಿನ ದೋಷ. ಹಣ, ದೂರ, ಅವಧಿ ಇವು ಒಟ್ಟು ಮೊತ್ತಗಳು; ಅಂಕಿ ಜೊತೆಗಿದ್ದರೂ ಅವುಗಳಿಗೆ ‘ಲೆಸ್’ ಎಂಬುದೇ ಸಹಜ.

ನಿಜವಾದ ಹಾನಿ ‘ಅಮೌಂಟ್’ ಪದದಲ್ಲಿದೆ. ಒಂದು ಮಳಿಗೆಯ ಕಲ್ಪಿತ ಲೆಕ್ಕ ಹೀಗಿರಲಿ: ಹೋದ ವಾರ 40 ರೀಫಂಡ್‌ಗಳು, ಒಟ್ಟು 60,000 ರೂಪಾಯಿ, ಈ ವಾರ 32 ರೀಫಂಡ್‌ಗಳು, ಒಟ್ಟು 72,000 ರೂಪಾಯಿ. ‘ದಿ ಅಮೌಂಟ್ ಆಫ್ ರೀಫಂಡ್ಸ್ ಹ್ಯಾಸ್ ಕಮ್ ಡೌನ್’ ಎಂದು ವರದಿ ಹೋಗುತ್ತದೆ. ಬರೆದವರ ಮನಸ್ಸಿನಲ್ಲಿದ್ದದ್ದು 40ರಿಂದ 32ಕ್ಕೆ ಇಳಿದ ಎಣಿಕೆ. ಲೆಕ್ಕಪತ್ರ ವಿಭಾಗ ಓದಿಕೊಳ್ಳುವುದು ಹಣವನ್ನು. ಅದು 12,000 ರೂಪಾಯಿ ಏರಿದೆ. ಸರಾಸರಿ ರೀಫಂಡ್ 1,500ರಿಂದ 2,250 ರೂಪಾಯಿಗೆ ಜಿಗಿದಿದೆ, ಅಂದರೆ ಬೆಲೆಬಾಳುವ ಸರಕೇ ವಾಪಸಾಗುತ್ತಿದೆ. ತುರ್ತಾಗಿ ತಿಳಿಯಬೇಕಿದ್ದ ಈ ಸಂಗತಿಯನ್ನು ಆ ಒಂದು ಪದ ಮುಚ್ಚಿಬಿಡುತ್ತದೆ. ರೀಫಂಡ್, ಆರ್ಡರ್, ಇನ್‌ವಾಯ್ಸ್, ಕ್ಲೇಮ್‌ಗಳಂತೆ ಎಣಿಕೆ ಮತ್ತು ಹಣ ಎರಡೂ ಇರುವ ಕಡೆಯೆಲ್ಲ ಈ ಅಪಾಯವಿದೆ. ‘ನಂಬರ್ ಆಫ್ ರೀಫಂಡ್ಸ್’ ಮತ್ತು ‘ರೀಫಂಡ್ ವ್ಯಾಲ್ಯೂ’ ಎಂದು ಬೇರೆ ಮಾಡಿ, ಎರಡೂ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಕೊಟ್ಟರೆ ಗೊಂದಲ ಹುಟ್ಟುವುದೇ ಇಲ್ಲ.

‘ಲೆಸ್’ ಕೂಡ ಒಂದು ಕಡೆ ಅರ್ಥವನ್ನೇ ಬದಲಿಸುತ್ತದೆ. ‘ವಿ ಹ್ಯಾವ್ ಫ್ಯೂವರ್ ಎಕ್ಸ್‌ಪೀರಿಯೆನ್ಸ್ಡ್ ಎಂಜಿನಿಯರ್ಸ್’ ಎಂದರೆ ಅನುಭವಿಗಳ ಸಂಖ್ಯೆ ಇಳಿದಿದೆ ಎಂದು. ಅಲ್ಲಿ ‘ಲೆಸ್’ ಬಂದರೆ, ಇರುವ ಎಂಜಿನಿಯರುಗಳಿಗೆ ಅನುಭವ ಸಾಲದು ಎಂಬ ಅರ್ಥವೇ ಮೊದಲು ಹೊಳೆಯುತ್ತದೆ. ಮೊದಲನೆಯದಕ್ಕೆ ನೇಮಕಾತಿ ಬೇಕು, ಎರಡನೆಯದಕ್ಕೆ ತರಬೇತಿ. ಹೀಗೆ ನಾಮಪದಕ್ಕೆ ಮುಂಚೆ ಗುಣವಾಚಕವಿದ್ದಾಗ ‘12ರಿಂದ 9ಕ್ಕೆ’ ಎಂಬಂತೆ ಎಣಿಕೆಯನ್ನು ವಾಕ್ಯದಲ್ಲೇ ಹೇಳಿಬಿಡುವುದು ಕ್ಷೇಮ.